ಹಾಳೆಯ ತೂತಿನಿಂದ ಮಗಳು ಎಣಿಸಿದ ಹಿನ್ನೋಟಗಳು

ನಲವತ್ತೊಂದನೆಯ ವಯಸ್ಸಿನಲ್ಲಿ ಸಂಶೋಧನೆಗೆ ಹೆಸರು ನೋಂದಾಯಿಸಿದಾಗ ನನಗಿದ್ದ ಭಯ ಬೇರೆಯೇ ಆಗಿತ್ತು. ಕಾಲೇಜಿನ ಪಾಠ, ಮನೆಯ ಕೆಲಸಗಳ ನಡುವೆ ಶಾಸನಗಳನ್ನು, ಹಳೆಯ ಕಡತಗಳನ್ನು ಹುಡುಕಿಕೊಂಡು ಓಡಾಡುವುದು ಹೇಗೆ ಎಂಬ ಭಯ. ಮೊದಲ ತಿಂಗಳಿನ ಕೋರ್ಸ್‌ವರ್ಕ್ ಮುಗಿಯುವ ಹೊತ್ತಿಗೆ ತಿಳಿಯಿತು, ಓಡಾಟದ ಮಾತು ಆಮೇಲೆ, ಮೊದಲು ಓದಬೇಕು. ವಾರಕ್ಕೆ ಸುಮಾರು ಎಪ್ಪತ್ತು ಪುಟ, ಎಲ್ಲವೂ ಇಂಗ್ಲಿಷ್. ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇತಿಹಾಸವನ್ನು ಪಾಠ ಮಾಡುವುದೂ ಕನ್ನಡದಲ್ಲೇ. ಇಂಗ್ಲಿಷ್ ಓದಲು ಬರುವುದಿಲ್ಲ ಎಂದಲ್ಲ, ಬರುತ್ತದೆ. ಆದರೆ ಓದಿದ ಸಾಲಿಗೇ ಕಣ್ಣು ಮತ್ತೆ ಮತ್ತೆ ಓಡಿಹೋಗುತ್ತಿತ್ತು.

ಒಂದು ಭಾನುವಾರ ಲೆಕ್ಕ ಹಾಕಿದೆ. ಆ ವಾರದ ಪುಟಗಳಲ್ಲಿ ಸರಾಸರಿ 450 ಪದಗಳಿದ್ದವು. ಎಪ್ಪತ್ತು ಪುಟಕ್ಕೆ 31,500 ಪದ. ನನ್ನ ವೇಗ ನಿಮಿಷಕ್ಕೆ 120 ಪದ (ಅದನ್ನು ಅಳೆದ ಬಗೆಯನ್ನು ಮುಂದೆ ಹೇಳುತ್ತೇನೆ). ಭಾಗಿಸಿದರೆ ನಾಲ್ಕೂವರೆ ಗಂಟೆಗೂ ಕಡಿಮೆ. ಆದರೆ ಗಡಿಯಾರದ ಪ್ರಕಾರ ನಾನು ಕುಳಿತಿದ್ದದ್ದು ಒಂಬತ್ತು ಗಂಟೆ. ಉಳಿದ ನಾಲ್ಕೂವರೆ ಗಂಟೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ನನಗೆ ಆಗ ಹೊಳೆಯಲೇ ಇಲ್ಲ. ವೇಗ ಸಾಲದು ಎಂದಷ್ಟೇ ಅನ್ನಿಸಿತು. ಆ ತಪ್ಪು ತಿಳಿವಳಿಕೆಗೆ ಮೂರು ವಾರ ಮತ್ತು ಸ್ವಲ್ಪ ಹಣ ತೆತ್ತೆ.

ಮೊದಲು ಕಣ್ಣು ತೋರಿಸಿಕೊಂಡೆ. ವಯಸ್ಸಿಗೆ ತಕ್ಕಂತೆ ಹತ್ತಿರದ ದೃಷ್ಟಿ ಸಡಿಲವಾಗಿತ್ತು, ಓದುವ ಕನ್ನಡಕ ಬಂತು. ಅಕ್ಷರ ಸ್ಪಷ್ಟವಾಯಿತು, ವೇಗ ಇದ್ದಲ್ಲೇ ಇತ್ತು. ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದರೆಂದು ರಾಜಾಜಿನಗರದ ಸಭಾಂಗಣವೊಂದರಲ್ಲಿ ವಾರಾಂತ್ಯಕ್ಕೆ ನಡೆಯುವ ಶೀಘ್ರ ಓದಿನ ತರಗತಿಗೆ ಸೇರಿದೆ. ನಿಮಿಷಕ್ಕೆ ಸಾವಿರ ಪದ ಓದಿಸುವುದು ಅವರ ಭರವಸೆ. ಸಾಲಿನ ಕೆಳಗೆ ಬೆರಳನ್ನು ಸರಸರನೆ ಓಡಿಸಬೇಕು, ಮನಸ್ಸಿನೊಳಗೆ ಪದವನ್ನು ಉಚ್ಚರಿಸಬಾರದು, ಎಂದೂ ಹಿಂದಕ್ಕೆ ನೋಡಬಾರದು. ಎರಡನೆಯ ಶನಿವಾರದ ಪರೀಕ್ಷೆಯಲ್ಲಿ ನನ್ನ ವೇಗ 640 ಪದ, ಹತ್ತು ಪ್ರಶ್ನೆಗಳಿಗೆ ಎಂಟು ಸರಿಯುತ್ತರ. ಹಿಗ್ಗಿ ಮನೆಗೆ ಬಂದೆ. ಸೋಮವಾರ ಕೋರ್ಸ್‌ವರ್ಕಿನ ಅಧ್ಯಾಯವನ್ನು ಅದೇ ರೀತಿ ಓದಿದೆ. ಹದಿನಾಲ್ಕು ಪುಟ ಮುಗಿದ ಮೇಲೆ ನೆನಪಿನಲ್ಲಿ ಉಳಿದಿದ್ದು ಲೇಖಕರ ಹೆಸರು ಮತ್ತು ಅಧ್ಯಾಯದ ಶೀರ್ಷಿಕೆ.

ಅನುಮಾನ ಬಂದು ತರಗತಿಯ ಪ್ರಶ್ನೆಪತ್ರಿಕೆಯನ್ನು ಅಕ್ಕನ ಮಗನಿಗೆ ಕೊಟ್ಟೆ. ಓದುವ ಭಾಗವನ್ನು ಕೊಡಲೇ ಇಲ್ಲ.

"ಚಿಕ್ಕಮ್ಮ, ಪಾಠವನ್ನೇ ಕೊಡದೆ ಉತ್ತರ ಬರೆಯಲು ಹೇಳುತ್ತಿದ್ದೀರಲ್ಲ?"

"ಊಹಿಸಿ ಬರೆ."

ಅವನಿಗೆ ಏಳು ಸರಿಯಾದವು. ಜೇನುನೊಣಗಳ ಬಗೆಗಿನ ಪ್ರಶ್ನೆಗಳು ಅವು. ಯಾವ ಆಯ್ಕೆ ಸರಿ ಎಂಬುದು ಹೈಸ್ಕೂಲು ಹುಡುಗನಿಗೆ ಓದದೆಯೇ ಗೊತ್ತಾಗುವಂತಿತ್ತು. ಓದಿಗೂ ಉತ್ತರಕ್ಕೂ ಸಂಬಂಧವಿಲ್ಲದ ಪರೀಕ್ಷೆಯಲ್ಲಿ ವೇಗ ಎಷ್ಟು ಬೇಕಾದರೂ ಏರಬಹುದು. ಆಮೇಲೆ ಆ ತರಗತಿಗೆ ಹೋಗಲಿಲ್ಲ.

ಭಾಷಾವಿಜ್ಞಾನ ಓದಿದ ಗೆಳತಿಯೊಬ್ಬಳು ನನಗಿದ್ದಾಳೆ. ಅವಳ ಮುಂದೆ ಇದನ್ನೆಲ್ಲ ತೋಡಿಕೊಂಡಾಗ ಅವಳು ಬೋಧನೆ ಮಾಡಲಿಲ್ಲ, ಒಂದು ಸರಳ ಲೆಕ್ಕ ಕೊಟ್ಟಳು. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಯುತ್ತದೆ. ಜಿಗಿದು ನಿಂತಾಗ ಮಾತ್ರ ಅಕ್ಷರ ಕಾಣುತ್ತದೆ. ಪ್ರತಿ ನಿಲುಗಡೆ ಸುಮಾರು ಕಾಲು ಸೆಕೆಂಡು. ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 240 ನಿಲುಗಡೆ. ಚಿಕ್ಕ ಪದಗಳನ್ನು ಕಣ್ಣು ಹಾರಿಸುತ್ತದೆ, ಉದ್ದ ಪದಗಳ ಮೇಲೆ ಎರಡು ಸಲ ನಿಲ್ಲುತ್ತದೆ, ಒಂದಕ್ಕೊಂದು ಸರಿಹೋಗುತ್ತದೆ. ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಸಂಶೋಧಕರು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ವಯಸ್ಕರು ಇಂಗ್ಲಿಷಿನ ಕಥೆಯಲ್ಲದ ಬರಹವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಎಂದು ಬಂತು. ಸಾವಿರ ಪದ ಓದಬೇಕಾದರೆ ಒಂದೊಂದು ನಿಲುಗಡೆಯಲ್ಲೂ ನಾಲ್ಕು ಪದ ನುಂಗಬೇಕು. ಆದರೆ ಇಂಗ್ಲಿಷ್ ಓದುವ ಕಣ್ಣಿಗೆ, ನಿಂತ ಕಡೆಯಿಂದ ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳಾಚೆ ಉಪಯುಕ್ತವಾದದ್ದೇನೂ ಸಿಗುವುದಿಲ್ಲ. ಪದವನ್ನು ಗುರುತಿಸುವಷ್ಟು ಸ್ಪಷ್ಟವಾಗಿ ಕಾಣುವುದು ಅದರ ಅರ್ಧದಷ್ಟು ಜಾಗದಲ್ಲಿ ಮಾತ್ರ.

"ಕಣ್ಣು ಹಿಂದಕ್ಕೆ ಹೋಗುವುದು ರೋಗವೇನಲ್ಲ" ಎಂದಳು. "ಚೆನ್ನಾಗಿ ಓದುವವರಲ್ಲೂ ನೂರು ಜಿಗಿತಗಳಲ್ಲಿ ಹತ್ತು ಹದಿನೈದು ಹಿಂದಕ್ಕೇ ಇರುತ್ತವೆ. ನಿನ್ನವು ಎಷ್ಟು, ಯಾಕೆ ಹೋಗುತ್ತವೆ ಎಂಬುದನ್ನು ಮೊದಲು ನೋಡಿಕೋ."

ನೋಡಿಕೊಳ್ಳುವುದು ಹೇಗೆ? ಕಣ್ಣಿನ ಚಲನೆ ದಾಖಲಿಸುವ ಯಂತ್ರ ನಮ್ಮ ಮನೆಯಲ್ಲಿಲ್ಲ. ಅವಳು ಹೇಳಿಕೊಟ್ಟದ್ದು ಯಂತ್ರವಿಲ್ಲದೆ ಮಾಡಬಹುದಾದ ಒಂದು ಹಳೆಯ ಉಪಾಯ. ಹಾಳೆಯ ನಡುವೆ ಪೆನ್ಸಿಲ್ ತೂರುವಷ್ಟು ತೂತು ಮಾಡಬೇಕು. ಓದುವವರು ಹಾಳೆಯನ್ನು ಮುಖದ ಮುಂದೆ ನೇರವಾಗಿ ಹಿಡಿಯಬೇಕು. ಇನ್ನೊಬ್ಬರು ಆಚೆ ಕಡೆಯಿಂದ ತೂತಿಗೆ ಕಣ್ಣಿಟ್ಟು ಓದುವವರ ಕಣ್ಣನ್ನು ನೋಡಬೇಕು, ಕಣ್ಣು ಹಿಂದಕ್ಕೆ, ಅಂದರೆ ಓದುವವರ ಎಡಕ್ಕೆ ಜಿಗಿದಾಗಲೆಲ್ಲ ಒಂದು ಗೆರೆ ಎಳೆಯಬೇಕು.

ಬೆಂಗಳೂರಿನ ಕೆರೆಗಳ ಬಗೆಗಿನ ಪ್ರಬಂಧದ ಒಂದು ಪುಟವನ್ನು ಆರಿಸಿಕೊಂಡೆ. ಕೆಂಪೇಗೌಡರ ಕಾಲದ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು, ಇಂಥ ವಿಷಯ. ವಿಷಯ ನನಗೆ ಗೊತ್ತಿದ್ದದ್ದೇ. ಕಷ್ಟವಿದ್ದರೆ ಭಾಷೆಯಲ್ಲಿ ಮಾತ್ರ ಇರಲಿ ಎಂದು ಬೇಕೆಂದೇ ಅದನ್ನು ಆರಿಸಿದೆ. ಪುಟದಲ್ಲಿ 36 ಸಾಲು, ಸಾಲಿಗೆ ಸರಾಸರಿ 17 ಪದ, ಒಟ್ಟು 612 ಪದ. ತೂತನ್ನು ಎರಡು ಪ್ಯಾರಾಗಳ ನಡುವಿನ ಖಾಲಿ ಜಾಗದಲ್ಲಿ ಮಾಡಿದೆ. ಗೆಳತಿ ಆ ಪುಟದ ಎಂಟು ಮುಖ್ಯ ಅಂಶಗಳನ್ನು ಮೊದಲೇ ಬರೆದು ಕಳುಹಿಸಿದ್ದಳು. ನಾನು ನೋಡದಂತೆ ಆ ಚೀಟಿಯನ್ನು ಮಗಳು ಇಟ್ಟುಕೊಂಡಳು. ಓದಿ ಮುಗಿಸಿ, ಹಾಳೆ ಮಡಚಿ, ನೆನಪಿದ್ದದ್ದನ್ನು ಕನ್ನಡದಲ್ಲಿ ಬರೆಯುವುದು, ಎಂಟರಲ್ಲಿ ಎಷ್ಟು ಬಂದವು ಎಂದು ಅವಳು ತಾಳೆ ನೋಡುವುದು. ಜೇನುನೊಣದ ಪ್ರಶ್ನೆಪತ್ರಿಕೆಯಿಂದ ಕಲಿತ ಪಾಠ ಅದು.

ಮಗಳು ಎಂಟನೆಯ ತರಗತಿ. ಊಟದ ಮೇಜಿನ ಆಚೆ ಕುಳಿತು ತೂತಿಗೆ ಕಣ್ಣಿಟ್ಟಳು. ಮೊದಲ ಎರಡು ನಿಮಿಷ ಇಬ್ಬರಿಗೂ ನಗು. ಮೂರನೆಯ ಪ್ರಯತ್ನಕ್ಕೆ ಸರಿಹೋಯಿತು. 5 ನಿಮಿಷ 6 ಸೆಕೆಂಡು ಹಿಡಿಯಿತು, ಅಂದರೆ ನಿಮಿಷಕ್ಕೆ 120 ಪದ. ಎಂಟು ಅಂಶಗಳಲ್ಲಿ ಐದು ನೆನಪಿದ್ದವು. ಅವಳು ಎಳೆದ ಗೆರೆಗಳು 61.

ಅರವತ್ತೊಂದು ಎಂದು ಕೇಳಿ ಎದೆ ಧಸಕ್ಕೆಂದಿತು. ರಾತ್ರಿ ಗೆಳತಿಗೆ ಫೋನು ಮಾಡಿದರೆ ಅವಳು ನಕ್ಕಳು. ಒಂದು ಸಾಲು ಮುಗಿದು ಮುಂದಿನ ಸಾಲಿನ ಆರಂಭಕ್ಕೆ ಬರುವಾಗಲೂ ಕಣ್ಣು ಎಡಕ್ಕೇ ಹೋಗಬೇಕಲ್ಲ! 36 ಸಾಲಿಗೆ ಅಂಥ 35 ಮರಳುವಿಕೆಗಳನ್ನು ಕಳೆಯಬೇಕು. ಓದಿದ ಕಡೆಗೇ ಮರಳಿದ ನಿಜವಾದ ಹಿನ್ನೋಟಗಳು ಉಳಿದದ್ದು 26. ಅದರಲ್ಲೂ ಸಾಲಿನ ಆರಂಭಕ್ಕೆ ಬರುವಾಗ ಕಣ್ಣು ಸ್ವಲ್ಪ ಮೊದಲೇ ಇಳಿದು, ಸರಿಪಡಿಸಿಕೊಳ್ಳಲು ಇನ್ನೊಂದು ಪುಟ್ಟ ಜಿಗಿತ ಹಾಕುವುದುಂಟು, ಅದೂ ಹಿನ್ನೋಟವಲ್ಲ. ಇನ್ನೊಂದು ಕಡೆ, ಒಂದೇ ಪದದೊಳಗೆ ಎರಡು ಮೂರು ಅಕ್ಷರ ಹಿಂದೆ ಸರಿಯುವಂಥವು ಬರಿಗಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ 26 ಎಂಬುದು ದೊಡ್ಡ ಹಿನ್ನೋಟಗಳ ಅಂದಾಜು ಅಷ್ಟೇ. ಆದರೂ ಅದೇ ಮಗಳು, ಅದೇ ತೂತು, ಅದೇ ಲೇಖಕರು ಇದ್ದರೆ ಇಂದಿಗೂ ಮೂರು ತಿಂಗಳ ನಂತರಕ್ಕೂ ಹೋಲಿಸಬಹುದು.

ನನಗೆ ಹೆಚ್ಚು ಬೆರಗು ತಂದದ್ದು ಬೇರೆ ಸಂಖ್ಯೆ. ಓದಿದ ಕೂಡಲೇ ಮಗಳು ಕೇಳಿದ್ದಳು: "ಅಮ್ಮ, ನಿನಗೆ ಗೊತ್ತಾಗಿ ಎಷ್ಟು ಸಲ ಹಿಂದೆ ಹೋದೆ?" ನಾನು ಒಂಬತ್ತು ಎಂದಿದ್ದೆ. ಹಾಗಾದರೆ ಹದಿನೇಳು ಸಲ ನನಗೇ ಗೊತ್ತಿಲ್ಲದೆ ಹೋಗಿಬಂದಿದ್ದೆ.

ಗೊತ್ತಿಲ್ಲದ ಹಿನ್ನೋಟಗಳನ್ನು ತಡೆಯುವುದು ಸುಲಭ ಎಂದುಕೊಂಡೆ. ಹಳೆಯ ಮದುವೆ ಆಮಂತ್ರಣದ ದಪ್ಪ ಕಾಗದವನ್ನು ಓದಿದ ಸಾಲಿನ ಮೇಲೆ ಇಟ್ಟು, ಓದುತ್ತಾ ಕೆಳಕ್ಕೆ ಸರಿಸುವುದು. ಓದಿದ್ದು ಮುಚ್ಚಿಹೋದರೆ ಕಣ್ಣು ಹಿಂದೆ ಹೋಗಿ ಮಾಡುವುದೇನು? ಹತ್ತು ದಿನ ಹೀಗೆ ಅಭ್ಯಾಸ ಮಾಡಿ, ಇನ್ನೊಂದು ಪುಟದ ಮೇಲೆ ಅಳೆದೆ. ವೇಗ 158ಕ್ಕೆ ಏರಿತ್ತು. ನೆನಪಿದ್ದ ಅಂಶಗಳು ಎಂಟರಲ್ಲಿ ಮೂರು.

ಇದನ್ನೇ 2014ರಲ್ಲಿ ಎಲಿಜಬೆತ್ ಶಾಟರ್, ಕೀತ್ ರೇನರ್ ಮತ್ತು ಸಂಗಡಿಗರು ಯಂತ್ರದಿಂದ ಮಾಡಿ ನೋಡಿದ್ದರು ಎಂದು ಗೆಳತಿ ಆಮೇಲೆ ಹೇಳಿದಳು. ಪರದೆಯ ಮೇಲೆ ಓದುತ್ತಿದ್ದವರ ಕಣ್ಣು ಮುಂದಕ್ಕೆ ಹೋದ ಕೂಡಲೇ ಹಿಂದಿನ ಪದ ಅಳಿಸಿ ಬರೀ ಎಕ್ಸ್‌ಗಳ ಸಾಲಾಗುತ್ತಿತ್ತು. ಹಿಂತಿರುಗಿ ನೋಡಿದರೂ ಏನೂ ಸಿಗದು. ಗೊಂದಲದ ವಾಕ್ಯಗಳಲ್ಲಿ ಮಾತ್ರವಲ್ಲ, ನೇರವಾದ ವಾಕ್ಯಗಳಲ್ಲೂ ಅವರ ಗ್ರಹಿಕೆ ತಗ್ಗಿತು. "ಮೊದಲೇ ಹೇಳಬಾರದಿತ್ತೇ?" ಎಂದರೆ, "ಹೇಳಿದ್ದರೆ ನೀನು ನಂಬುತ್ತಿದ್ದೆಯಾ?" ಎಂದಳು. ಆ ಮಾತಿನಲ್ಲಿ ಸತ್ಯವಿತ್ತು.

ಆಗ ಹಿನ್ನೋಟಗಳನ್ನು ತಡೆಯುವುದನ್ನು ಬಿಟ್ಟು ವಿಂಗಡಿಸತೊಡಗಿದೆ. ಓದುವ ನಡುವೆ ಗುರುತು ಹಾಕಲು ಹೋದರೆ ಓದೇ ಕೆಡುತ್ತದೆ. ಆದ್ದರಿಂದ ಪ್ಯಾರಾ ಮುಗಿದ ಮೇಲೆ, ನೆನಪಿರುವ ಹಿನ್ನೋಟಗಳಿಗೆ ಮಾತ್ರ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಅಕ್ಷರ. ಪದ ತಿಳಿಯದೆ ಹಿಂದೆ ಹೋಗಿದ್ದರೆ 'ಪ'. ವಾಕ್ಯದ ದಾರಿ ತಪ್ಪಿದ್ದರೆ 'ವಾ'. ಮನಸ್ಸು ಎಲ್ಲೋ ಹೋಗಿ ಕಣ್ಣು ಮಾತ್ರ ಓದುತ್ತಿದ್ದರೆ 'ಮ'. ಎರಡು ವಾರ ಹೀಗೆ ಮಾಡಿದೆ. ಬೆಳಗ್ಗೆ ವಿಜಯನಗರದಿಂದ ಮೆಟ್ರೋದಲ್ಲಿ, ಸಂಜೆ ಹಂಪಿನಗರದ ಗ್ರಂಥಾಲಯದಲ್ಲಿ, ರಾತ್ರಿ ಅಡುಗೆಮನೆಯ ಮೇಜಿನ ಮೇಲೆ.

ಮೆಟ್ರೋದಲ್ಲಿ ಓದಿದ ಪುಟಗಳಲ್ಲಿ 'ಮ' ತುಂಬಿತ್ತು. ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಒಂದೊಂದು 'ಮ' ಎಷ್ಟು ದುಬಾರಿ ಎಂಬುದು ಆಗ ಕಂಡಿತು. 'ಪ' ಬಂದರೆ ಕಣ್ಣು ನಾಲ್ಕು ಪದ ಹಿಂದೆ ಹೋಗುತ್ತದೆ. 'ವಾ' ಬಂದರೆ ಒಂದು ವಾಕ್ಯ. 'ಮ' ಬಂದರೆ ಅರ್ಧ ಪುಟ, ಕೆಲವೊಮ್ಮೆ ಎರಡು ಪುಟ. ಕಳೆದುಹೋಗಿದ್ದ ನಾಲ್ಕೂವರೆ ಗಂಟೆ ಸಿಕ್ಕಿದ್ದು ಇಲ್ಲಿ. ಪುಟವನ್ನೇ ಮತ್ತೆ ಓದುತ್ತಿದ್ದೆ. ವೇಗದ ಪರೀಕ್ಷೆಯಲ್ಲಿ ಅದು ಕಾಣುತ್ತಿರಲಿಲ್ಲ, ಏಕೆಂದರೆ ಐದು ನಿಮಿಷದ ಪರೀಕ್ಷೆಯಲ್ಲಿ ಯಾರ ಮನಸ್ಸೂ ಅಲೆಯುವುದಿಲ್ಲ, ಮಗಳು ತೂತಿನಿಂದ ನೋಡುತ್ತಿರುವಾಗಂತೂ ಇಲ್ಲವೇ ಇಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಸಣ್ಣದು. ಪ್ಯಾರಾ ಮುಗಿದ ಕೂಡಲೇ ತಲೆ ಎತ್ತಿ, ಅದು ಏನು ಹೇಳಿತು ಎಂಬುದನ್ನು ಕನ್ನಡದಲ್ಲಿ ಒಂದು ವಾಕ್ಯ ಮಾಡಿ ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಹತ್ತು ಸೆಕೆಂಡು. ಹೇಳಲು ಬಾರದಿದ್ದರೆ ಆ ಪ್ಯಾರಾ ಮಾತ್ರ ಮತ್ತೊಮ್ಮೆ. ಮನಸ್ಸು ಅಲೆಯುವುದು ಇದರಿಂದ ನಿಲ್ಲಲಿಲ್ಲ, ಆದರೆ ಎರಡು ಪುಟದ ನಂತರ ತಿಳಿಯುತ್ತಿದ್ದದ್ದು ಒಂದು ಪ್ಯಾರಾದೊಳಗೆ ತಿಳಿಯತೊಡಗಿತು. ಇಂಗ್ಲಿಷಿನಲ್ಲಿ ಹೇಳಿಕೊಂಡು ನೋಡಿದೆ, ಪ್ರಯೋಜನವಿಲ್ಲ. ಲೇಖಕರ ಪದಗಳನ್ನೇ ಹಿಂದುಮುಂದು ಮಾಡಿ ಒಪ್ಪಿಸಿ, ಅರ್ಥವಾಯಿತೆಂದು ನನಗೆ ನಾನೇ ಮೋಸ ಮಾಡಿಕೊಳ್ಳುತ್ತಿದ್ದೆ. ಕನ್ನಡಕ್ಕೆ ತರಬೇಕೆಂದರೆ ಅರ್ಥವಾಗಿರಲೇಬೇಕು.

'ಪ' ನಾನು ಭಾವಿಸಿದಷ್ಟು ಬಗೆಬಗೆಯದಾಗಿರಲಿಲ್ಲ. ಒಂದಷ್ಟು ಪದಗಳೇ ಸುತ್ತಿಸುತ್ತಿ ಬರುತ್ತಿದ್ದವು. ಅವು ಪಾರಿಭಾಷಿಕ ಪದಗಳೂ ಅಲ್ಲ. 'ಇನ್ಸೋಫಾರ್ ಆ್ಯಸ್', 'ನಾಟ್‌ವಿತ್‌ಸ್ಟ್ಯಾಂಡಿಂಗ್', 'ಕಂಟಿಂಜೆಂಟ್ ಅಪಾನ್' ಇಂಥವು, ಎರಡು ವಾದಗಳನ್ನು ಹೊಲಿಯುವ ಪದಗಳು. ಅರ್ಥ ಗೊತ್ತಿತ್ತು, ಆದರೆ ತಟ್ಟನೆ ಹೊಳೆಯುತ್ತಿರಲಿಲ್ಲ. ನಲವತ್ತು ಚೀಟಿಗಳನ್ನು ಮಾಡಿ, ಹಿಂಬದಿಯಲ್ಲಿ 'ಎಷ್ಟರಮಟ್ಟಿಗೋ ಅಷ್ಟರಮಟ್ಟಿಗೆ', 'ಹಾಗಿದ್ದರೂ', 'ಇದನ್ನು ಅವಲಂಬಿಸಿ' ಎಂದು ಬರೆದು, ಕುಕ್ಕರ್ ಕೂಗುವವರೆಗೆ ತಿರುವಿಹಾಕುತ್ತಿದ್ದೆ. ಹದಿನೈದು ದಿನದಲ್ಲಿ 'ಪ' ಅರ್ಧಕ್ಕಿಳಿಯಿತು. ಎವರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಪ್ರಕಟಿಸಿದ 570 ಪದಕುಟುಂಬಗಳ ಪಟ್ಟಿಯೊಂದಿದೆ, ವಿದ್ವತ್ ಬರಹದ ಪದಗಳಲ್ಲಿ ಸುಮಾರು ಶೇ. 10ರಷ್ಟು ಆ ಪಟ್ಟಿಯವೇ. ಅದನ್ನೂ ಇಟ್ಟುಕೊಂಡಿದ್ದೆ. ಆದರೆ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ನಾನೇ ಎಡವಿದ ಪದಗಳ ನಲವತ್ತು ಚೀಟಿ.

ಉಳಿದದ್ದು 'ವಾ'. ಇದರಲ್ಲೇ ನಾನು ಹೆಚ್ಚು ದಿನ ಕಳೆದದ್ದು, ಹೆಚ್ಚು ಕಲಿತದ್ದೂ ಇದರಲ್ಲೇ.

ಕೆರೆಗಳ ಪ್ರಬಂಧದ ಒಂದು ವಾಕ್ಯ ನನ್ನನ್ನು ನಾಲ್ಕು ಸಲ ಹಿಂದಕ್ಕೆ ಎಳೆದಿತ್ತು. ಅದರ ಒಟ್ಟು ತಾತ್ಪರ್ಯವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಒಬ್ಬರ ನಂತರ ಒಬ್ಬರು ಆಳಿದವರು ಕಟ್ಟಿಸಿದ, ಊರಿನವರು ತಮ್ಮದೇ ದುಡಿಮೆಯಿಂದ ಹೂಳೆತ್ತುತ್ತಾ ಬಂದಿದ್ದ ಕೆರೆಗಳು ನಗರಕ್ಕೆ ಕೊಳವೆ ನೀರು ಬಂದ ನಂತರವೇ ಹಾಳಾದವು ಎಂಬ ಊಹೆಗೆ ತೆಳುವಾದ ಆಧಾರವಷ್ಟೇ ಇದೆ. (ಕೊಳವೆ ನೀರು ಎಂದರೆ 1896ರಲ್ಲಿ ಹೆಸರಘಟ್ಟದಿಂದ ಬಂದ ನೀರು.) ಕನ್ನಡದಲ್ಲಿ ಇದು ಉದ್ದವಾದ ವಾಕ್ಯ, ಆದರೂ ದಾರಿ ತಪ್ಪಿಸುವುದಿಲ್ಲ. ಕಟ್ಟಿಸಿದ, ಹೂಳೆತ್ತಿದ ಎಂಬ ವಿಶೇಷಣಗಳೆಲ್ಲ ಬಂದ ಮೇಲೆ ಕೆರೆ ಬರುತ್ತದೆ. ಸಂಗತಿಯೆಲ್ಲ ಬಂದ ಮೇಲೆ 'ಎಂಬ' ಬಂದು ಎಲ್ಲವನ್ನೂ ಕಟ್ಟಿ 'ಊಹೆ'ಯ ಕೈಗೆ ಕೊಡುತ್ತದೆ. ಇಂಗ್ಲಿಷಿನಲ್ಲಿ ವಾಕ್ಯ ಶುರುವಾಗುವುದೇ 'ದಿ ಅಸಂಪ್ಷನ್' ಎಂದು. ಆಮೇಲೆ 'ದ್ಯಾಟ್', ಆಮೇಲೆ ಕೆರೆಗಳು, ಆಮೇಲೆ ಅಲ್ಪವಿರಾಮ, ಕೆರೆಗಳನ್ನು ಯಾರು ಕಟ್ಟಿಸಿದರು, ಯಾರು ಹೂಳೆತ್ತಿದರು, ಆಮೇಲೆ ಹಾಳಾದವು, ಆಮೇಲೆ ಕೊಳವೆ ನೀರು ಬಂತು, ಕಟ್ಟಕಡೆಗೆ 'ರೆಸ್ಟ್ಸ್ ಆನ್'. ಕನ್ನಡ ಮೊದಲು ಕಾಳು ಅಳೆದುಕೊಟ್ಟು ಕೊನೆಗೆ ಚೀಲ ಕೊಡುತ್ತದೆ. ಇಂಗ್ಲಿಷ್ ಮೊದಲೇ ಖಾಲಿ ಚೀಲವನ್ನು ಕೈಗಿಡುತ್ತದೆ, ಕಾಳು ಬರುವವರೆಗೆ ಅದನ್ನು ಹಿಡಿದುಕೊಂಡಿರಬೇಕು. ನಾನು ನಡುದಾರಿಯಲ್ಲಿ ಚೀಲವನ್ನು ಬೀಳಿಸುತ್ತಿದ್ದೆ. 'ಹಾಳಾದವು' ಬಂದಾಗ ಅದೇ ಮುಖ್ಯ ಕ್ರಿಯಾಪದ ಎಂದು ವಾಕ್ಯವನ್ನು ಮುಗಿಸಿಬಿಡುತ್ತಿದ್ದೆ. ಮುಂದೆ 'ರೆಸ್ಟ್ಸ್' ಎದುರಾದಾಗ, ಇದು ಯಾರ ಕ್ರಿಯೆ ಎಂದು ತಿಳಿಯದೆ ಹಿಂದಕ್ಕೆ ಓಟ.

ಇನ್ನೂ ಕೆಟ್ಟದ್ದೆಂದರೆ, ಆ ತಪ್ಪಿನಿಂದ ಅರ್ಥವೇ ತಲೆಕೆಳಗಾಗುತ್ತಿತ್ತು. ಕೊಳವೆ ನೀರಿನಿಂದ ಕೆರೆಗಳು ಹಾಳಾದವು ಎಂದು ಲೇಖಕರು ಹೇಳುತ್ತಿದ್ದಾರೆಂದು ನಾನು ಟಿಪ್ಪಣಿ ಮಾಡಿಕೊಂಡಿದ್ದೆ. ಅವರು ಹೇಳುತ್ತಿದ್ದದ್ದು ಆ ಊಹೆ ನಿಲ್ಲುವುದಿಲ್ಲ ಎಂದು. ಆಮಂತ್ರಣದ ಕಾಗದ ಅಡ್ಡ ಇಟ್ಟು ಓದಿದ್ದರೆ ಆ ತಪ್ಪು ತಿದ್ದಿಕೊಳ್ಳುವ ದಾರಿಯೇ ಇರುತ್ತಿರಲಿಲ್ಲ.

ಇದಕ್ಕೆ ಮಾಡಿದ ಅಭ್ಯಾಸಕ್ಕೂ ವೇಗಕ್ಕೂ ಮೇಲುನೋಟಕ್ಕೆ ಸಂಬಂಧವೇ ಇಲ್ಲ. ಹಿಂದಿನ ವಾರ ಓದಿ ಮುಗಿಸಿದ ಪುಟಗಳಿಂದ ದಿನಕ್ಕೆ ಹತ್ತು ಉದ್ದ ವಾಕ್ಯ ಆರಿಸುವುದು. ಗಡಿಯಾರವಿಲ್ಲ. ಕರ್ತೃಪದದ ಕೆಳಗೆ ಒಂದು ಗೆರೆ, ಅದರ ಕ್ರಿಯಾಪದದ ಕೆಳಗೆ ಎರಡು ಗೆರೆ, ನಡುವಿನದ್ದಕ್ಕೆಲ್ಲ ಆವರಣ. ಮೊದಲ ದಿನ ಹತ್ತು ವಾಕ್ಯಕ್ಕೆ ನಲವತ್ತು ನಿಮಿಷ ಹಿಡಿದು ಅವಮಾನವಾಯಿತು. ಮೂರನೆಯ ವಾರಕ್ಕೆ ಹನ್ನೆರಡು ನಿಮಿಷ ಸಾಕಾಯಿತು. ಅಷ್ಟರಲ್ಲಿ ಒಂದು ಬದಲಾವಣೆ ತಾನಾಗಿ ಬಂದಿತ್ತು. 'ದಿ ಅಸಂಪ್ಷನ್ ದ್ಯಾಟ್', 'ದಿ ಕ್ಲೇಮ್ ದ್ಯಾಟ್', 'ದಿ ಎಕ್ಸ್‌ಟೆಂಟ್ ಟು ವಿಚ್' ಎಂದು ಕಂಡ ಕೂಡಲೇ, ಇದಕ್ಕೊಂದು ಕ್ರಿಯಾಪದ ಬರಬೇಕಿದೆ ಎಂದು ಮನಸ್ಸು ಬಾಗಿಲು ತೆರೆದಿಟ್ಟು ಕಾಯುತ್ತಿತ್ತು.

ಕಾಗದವನ್ನೂ ಬಿಡಲಿಲ್ಲ, ಬಳಸುವ ಬಗೆ ಬದಲಿಸಿದೆ. ಸಾಲು ಮುಗಿದಾಗ ಸರಿಸದೆ, ವಾಕ್ಯದ ಪೂರ್ಣವಿರಾಮ ಬಂದ ಮೇಲೆ ಸರಿಸುವುದು. ವಾಕ್ಯದೊಳಗೆ ಕಣ್ಣು ಎಲ್ಲಿಗೆ ಬೇಕಾದರೂ ಹೋಗಲಿ. ಪೂರ್ಣವಿರಾಮದಲ್ಲಿ ನಿಂತು, ಹಿಂದೆ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸಿ, ಬೇಡವಾದರೆ ಮುಚ್ಚುವುದು. ಗೊತ್ತಿಲ್ಲದ ಹಿನ್ನೋಟಗಳಲ್ಲಿ ಬಹುಪಾಲು ಈ ಮಧ್ಯದ ಹಾದಿಯಲ್ಲೇ ಉದುರಿದವು. ಆರೇಳು ವಾರಗಳ ನಂತರ ಕಾಗದವೂ ಬೇಡವಾಯಿತು. 'ದಿ ಲ್ಯಾಟರ್' ಎಂದು ಬರೆಯುವ ಲೇಖಕರ ವಿಷಯ ಮಾತ್ರ ಬೇರೆ. ಆ ಪದವೇ ಹಿಂದಿನ ನಿಲ್ದಾಣಕ್ಕೆ ಕೊಟ್ಟ ಟಿಕೆಟ್ಟು. ಅಲ್ಲಿ ಹಿಂದೆ ಹೋಗುವುದು ಓದುಗರ ದೋಷವಲ್ಲ.

ಶುದ್ಧ ವೇಗಕ್ಕೆಂದು ಮಾಡಿದ್ದು ಒಂದೇ ಅಭ್ಯಾಸ, ಅದೂ ಸುಲಭ ಬರಹದ ಮೇಲೆ. ಮಗಳ ಇಂಗ್ಲಿಷ್ ಪಾಠಪುಸ್ತಕ ತೆಗೆದುಕೊಂಡು ಒಂದು ನಿಮಿಷ ಓದಿ, ತಲುಪಿದ ಕಡೆ ಗುರುತು ಹಾಕಿ, ಮತ್ತೆ ಮೊದಲಿನಿಂದ ಇನ್ನೊಂದು ನಿಮಿಷ, ಹೀಗೆ ನಾಲ್ಕು ಸಲ. ಪ್ರತಿ ಸಲ ಗುರುತನ್ನು ದಾಟಬೇಕು. ಎರಡನೆಯ ಭಾಷೆಯ ಓದನ್ನು ಕಲಿಸುವವರು ಬಳಸುವ ಹಳೆಯ ಕ್ರಮ ಇದು. ನಾಲ್ಕನೆಯ ಸುತ್ತಿನ ಸಂಖ್ಯೆ ನೋಡಿ ಹಿಗ್ಗಬಾರದು, ಅಷ್ಟರಲ್ಲಿ ಪಾಠ ಬಾಯಿಪಾಠವಾಗಿರುತ್ತದೆ. ನಾನು ದಿನಚರಿಯಲ್ಲಿ ಬರೆದದ್ದು ಹೊಸ ಪಾಠದ ಮೊದಲ ಸುತ್ತನ್ನು ಮಾತ್ರ. ಅದು ಒಂಬತ್ತು ವಾರಗಳಲ್ಲಿ 148ರಿಂದ 196ಕ್ಕೆ ಬಂತು. ಉತ್ಸಾಹಕ್ಕೆ ಬಿದ್ದು ಒಂದು ವಾರ ಇದನ್ನು ಸಂಶೋಧನಾ ಪ್ರಬಂಧದ ಮೇಲೆ ಪ್ರಯೋಗಿಸಿದೆ. ತರಗತಿಯ ಬೆರಳೋಟದ ಗತಿಯೇ ಇದಕ್ಕೂ ಆಯಿತು, ಕಣ್ಣು ಮುಂದೆ, ತಲೆ ಹಿಂದೆ. ಮನಸ್ಸಿನೊಳಗಿನ ಉಚ್ಚಾರಣೆಯನ್ನು ಅದುಮುವ ಗೋಜಿಗೂ ಹೋಗಲಿಲ್ಲ. ಕಷ್ಟದ ವಾಕ್ಯದಲ್ಲಿ ಆ ಒಳದನಿಯೇ ಚೀಲವನ್ನು ಹಿಡಿದುಕೊಂಡಿರುವುದು ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು.

ಹನ್ನೊಂದನೆಯ ವಾರ ಮತ್ತೆ ಊಟದ ಮೇಜು, ಮತ್ತೆ ತೂತು. ಅದೇ ಲೇಖಕರ ಇನ್ನೊಂದು ಪುಟ, 595 ಪದ, 34 ಸಾಲು. 3 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಿತು, ನಿಮಿಷಕ್ಕೆ 170 ಪದ. ಎಂಟು ಅಂಶಗಳಲ್ಲಿ ಆರು ಬಂದವು. ಮಗಳು ಎಳೆದದ್ದು 44 ಗೆರೆ, ಸಾಲುಗಳ 33 ಮರಳುವಿಕೆ ಕಳೆದರೆ 11 ಹಿನ್ನೋಟ. ನನಗೆ ಗೊತ್ತಾಗಿ ಎಷ್ಟು ಎಂದು ಕೇಳಿದಾಗ ಎಂಟು ಎಂದೆ. ಹನ್ನೊಂದಕ್ಕೆ ಎಂಟು! ಆ ಎಂಟರಲ್ಲಿ ಒಂದೆರಡು ಬಿಟ್ಟರೆ ಉಳಿದವೆಲ್ಲ ವಾಕ್ಯದ ಕೊನೆಯಲ್ಲಿ ನಿಂತು, ಬೇಕೆಂದೇ ಹೋದವು.

ಒಂದೇ ಪುಟದ ಅಳತೆಯನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಪುಟ ಸ್ವಲ್ಪ ಸುಲಭವಿದ್ದಿರಬಹುದು, ಲೇಖಕರ ಶೈಲಿ ಪರಿಚಯವಾಗಿರಬಹುದು. ನೆಚ್ಚಬಹುದಾದ್ದು ಗಡಿಯಾರ. ವಾರದ ಎಪ್ಪತ್ತು ಪುಟಕ್ಕೆ ಈಗ ಹಿಡಿಯುವುದು, ಪ್ಯಾರಾ ಕೊನೆಯ ಕನ್ನಡ ವಾಕ್ಯಗಳೂ ಸೇರಿ, ಐದರಿಂದ ಐದೂವರೆ ಗಂಟೆ. 170ರ ಲೆಕ್ಕಕ್ಕೆ ಓದು ಮೂರು ಗಂಟೆ, ಉಳಿದದ್ದು ತಲೆ ಎತ್ತಿ ಯೋಚಿಸುವುದಕ್ಕೆ ಮತ್ತು ಕೆಲವು ಪ್ಯಾರಾಗಳನ್ನು ಮತ್ತೆ ಓದುವುದಕ್ಕೆ. ಒಂಬತ್ತು ಗಂಟೆಯಿಂದ ಉಳಿದ ಸಮಯದಲ್ಲಿ ಹೆಚ್ಚು ಪಾಲು ಪದಗಳ ವೇಗದಿಂದ ಬಂದದ್ದಲ್ಲ, ಪುಟಗಳನ್ನು ಮತ್ತೆ ತಿರುವುವುದು ತಪ್ಪಿದ್ದರಿಂದ ಬಂದದ್ದು.

ಸಿದ್ಧಾಂತದ ಅಧ್ಯಾಯಗಳು ಮಾತ್ರ ಜಗ್ಗಿಲ್ಲ. ಇತಿಹಾಸ ಬರೆಯುವುದೆಂದರೇನು ಎಂದು ಚರ್ಚಿಸುವ ಪುಟಗಳಲ್ಲಿ ಇಂದಿಗೂ ನಿಮಿಷಕ್ಕೆ 90 ಪದ, ಅಂಚಿನ ತುಂಬ 'ವಾ'. ಅಲ್ಲಿ ವಾಕ್ಯ ಬಿಡಿಸಿದರೂ ವಿಷಯ ಹೊಸದು. ಕೆರೆಯ ಪುಟದಲ್ಲಿ ಧರ್ಮಾಂಬುಧಿ ಎಂದರೆ ಕಣ್ಣ ಮುಂದೆ ಮೆಜೆಸ್ಟಿಕ್ ಬರುತ್ತದೆ, ಇಲ್ಲಿ ಕಣ್ಣ ಮುಂದೆ ಏನೂ ಬರುವುದಿಲ್ಲ. ಮಾರ್ಗದರ್ಶಕರಿಗೆ ಹೇಳಿದಾಗ, "ಅದನ್ನು ನಾನೂ ಅಷ್ಟೇ ನಿಧಾನವಾಗಿ ಓದುತ್ತೇನೆ ಮೇಡಂ" ಎಂದರು.

ಕಳೆದ ವಾರ ಮಗಳು ತನ್ನ ವಿಜ್ಞಾನದ ಪಾಠದ ಜೆರಾಕ್ಸ್ ತಂದು, ಸರಿಯಾಗಿ ನಡುವೆ ಪೆನ್ಸಿಲ್ ಚುಚ್ಚಿ ನನ್ನ ಕೈಗೆ ಕೊಟ್ಟಳು. ಖಾಲಿ ಜಾಗ ನೋಡಿ ಚುಚ್ಚಬೇಕೆಂದು ಹೇಳಲು ಮರೆತಿದ್ದೆ. ನಾಲ್ಕನೆಯ ಪ್ಯಾರಾದಲ್ಲಿ ಅವಳ ಕಣ್ಣು ಏಳು ಸಲ ಒಂದೇ ಜಾಗಕ್ಕೆ ಹಿಂತಿರುಗಿತು. ಅಲ್ಲಿ ಒಂದು ಪದ ಇರಲೇ ಇಲ್ಲ.